ಟೂಲ್ ರೂಮ್ ಲಾಭದ ಪಾಲು: ಆರು ತಿಂಗಳು ದುಡಿದವನಿಗೆ ಮೂರು ತಿಂಗಳ ಪಾಲು ಬಂದಿದೆ, ಲೆಕ್ಕ ಎಲ್ಲಿ ತಪ್ಪಿದೆ?

ಪೀಣ್ಯದ ಲೆಕ್ಕದವಳು

ಎಲ್ಲರಿಗೂ ನಮಸ್ಕಾರ. ಪೀಣ್ಯದ ಒಂದು ವರ್ಕ್‌ಶಾಪ್‌ನಲ್ಲಿ ಸಂಬಳದ ಲೆಕ್ಕ, ಬಿಲ್ಲು ನೋಡಿಕೊಳ್ಳುತ್ತೇನೆ. ಒಟ್ಟು 22 ಜನ ಇದ್ದೇವೆ. ಅದರಲ್ಲಿ ಐದು ಜನರ ಟೂಲ್ ರೂಮ್ ಬೇರೆ. ಅವರು ಡೈ, ಫಿಕ್ಸ್ಚರ್ ಮಾಡಿ ಹೊರಗಿನವರಿಗೂ ಕೊಡುತ್ತಾರೆ. ಹಾಗಾಗಿ ಅದರ ಖರ್ಚು, ಆದಾಯ ಬೇರೆಯೇ ಬರೆಯುತ್ತೇವೆ. 2024-25ರಲ್ಲಿ ಟೂಲ್ ರೂಮ್‌ಗೆ 12 ಲಕ್ಷ ಲಾಭ ಬಂತು. ಅದರಲ್ಲಿ ನೂರಕ್ಕೆ 15, ಅಂದರೆ 1,80,000 ರೂಪಾಯಿ, ಆ ಐದು ಜನಕ್ಕೆ ಹಂಚಿ ಎಂದು ಯಜಮಾನರು ಹೇಳಿದರು. "ಸಂಬಳವನ್ನೂ ನೋಡಿ, ಎಷ್ಟು ತಿಂಗಳು ಕೆಲಸ ಮಾಡಿದ್ದಾರೆ ಅನ್ನೋದನ್ನೂ ನೋಡಿ" ಎಂದು ಚೀಟಿಯಲ್ಲಿ ಬರೆದುಕೊಟ್ಟರು. ಅಷ್ಟೇ ನಿಯಮ.

ನಾನು ಮಾಡಿದ ಪಟ್ಟಿ ಇದು. ಮೊದಲು ತಿಂಗಳು, ಆಮೇಲೆ ವರ್ಷದ ಒಟ್ಟು ಸಂಬಳ, ಕೊನೆಗೆ ಪಾಲು:

ಸೂಪರ್‌ವೈಸರ್: 12 ತಿಂಗಳು, 6,00,000, ಪಾಲು 76,271
ಸಿಎನ್‌ಸಿ ಆಪರೇಟರ್: 12 ತಿಂಗಳು, 3,00,000, ಪಾಲು 38,136
ಕ್ವಾಲಿಟಿ ನೋಡುವ ಹುಡುಗಿ: 12 ತಿಂಗಳು, 2,40,000, ಪಾಲು 30,508
ಹೆಲ್ಪರ್: 12 ತಿಂಗಳು, 1,92,000, ಪಾಲು 24,407
ಅಕ್ಟೋಬರ್ 1ಕ್ಕೆ ಸೇರಿದ ಡೈ ಫಿಟ್ಟರ್: 6 ತಿಂಗಳು, 1,68,000, ಪಾಲು 10,678

ಕೂಡಿಸಿದರೆ ಸರಿಯಾಗಿ 1,80,000 ಬರುತ್ತದೆ. ಎರಡು ಸಲ ಕೂಡಿಸಿದೆ. ಪಟ್ಟಿಯನ್ನು ಪಂಚಿಂಗ್ ಮೆಷಿನ್ ಪಕ್ಕ ಅಂಟಿಸಿಯೂ ಆಯ್ತು. ನಿನ್ನೆ ಫಿಟ್ಟರ್ ಬಂದು, "ಅಕ್ಕ, ನನಗೆ ತಿಂಗಳಿಗೆ 28,000. ಅರ್ಧ ವರ್ಷ ದುಡಿದಿದ್ದೀನಿ. ಹೆಲ್ಪರ್‌ಗೆ ಬಂದ ಅರ್ಧವೂ ನನಗೆ ಬರಲಿಲ್ಲವಲ್ಲ?" ಎಂದ. ನನಗೆ ಉತ್ತರ ತೋಚಲಿಲ್ಲ. ಶೀಟಿನಲ್ಲಿ C ತಿಂಗಳು, D ಒಟ್ಟು ಸಂಬಳ, I1ರಲ್ಲಿ ಹಂಚುವ ಮೊತ್ತ. ಸೂತ್ರ ಹೀಗಿದೆ:

```
E2:  =D2*C2/12
F2:  =ROUND($I$1*E2/SUM($E$2:$E$6),0)
```

ದುಡ್ಡು ಇನ್ನೂ ಕೊಟ್ಟಿಲ್ಲ. ಯಾರಾದರೂ ನೋಡಿ ಹೇಳಿ.

ಹುಬ್ಬಳ್ಳಿಯವ

ಮೇಡಂ, ಮೊದಲು ಒಂದು ಮಾತು ನೋಡ್ರಿ. ಬೋನಸ್ ಅಂದಮೇಲೆ ಕಾಯಿದೆ ಇದೆ. ಕಡಿಮೆ ಅಂದರೂ 8.33 ಪರ್ಸೆಂಟ್ ಕೊಡಬೇಕು, 20 ದಾಟುವ ಹಾಗಿಲ್ಲ. ಲೆಕ್ಕ 7,000 ರೂಪಾಯಿ ಮೇಲೆ ಮಾಡಬೇಕು, ಪೂರ್ತಿ ಸಂಬಳದ ಮೇಲೆ ಅಲ್ಲ. ನಿಮ್ಮ ಇಡೀ ಪಟ್ಟಿಯೇ ಆ ಪ್ರಕಾರ ಇಲ್ಲ. ಹೊಸದಾಗಿ ಮಾಡಿಸಿ.

ಆಡಿಟ್ ಅಣ್ಣ

ಎರಡು ವಿಷಯ ಬೇರೆ ಬೇರೆ ಮಾಡೋಣ. ಹುಬ್ಬಳ್ಳಿಯವರು ಹೇಳಿದ ಅಂಕಿಗಳು 2024-25ಕ್ಕೆ ಅನ್ವಯಿಸುವ 1965ರ ಬೋನಸ್ ಕಾಯಿದೆಯವು, ಸರಿಯಾಗಿಯೇ ಇವೆ. ಒಂದು ತಿದ್ದುಪಡಿ: 7,000 ಅಥವಾ ಆ ಕೆಲಸಕ್ಕೆ ಸರ್ಕಾರ ನಿಗದಿ ಮಾಡಿದ ಕನಿಷ್ಠ ಕೂಲಿ, ಯಾವುದು ಜಾಸ್ತಿಯೋ ಅದರ ಮೇಲೆ ಲೆಕ್ಕ. ಆದರೆ ಆ ಬೋನಸ್ ತಿಂಗಳಿಗೆ 21,000ದವರೆಗೆ ಸಂಬಳ ಇರುವವರಿಗೆ. ಈ ಐವರಲ್ಲಿ ಅದು ಸಿಗುವುದು ಇಬ್ಬರಿಗೆ ಮಾತ್ರ, ಹೆಲ್ಪರ್ ಮತ್ತು ಕ್ವಾಲಿಟಿ ಹುಡುಗಿ. ನಿಮ್ಮಲ್ಲಿ 20ಕ್ಕಿಂತ ಜಾಸ್ತಿ ಜನ ಇರುವುದರಿಂದ ಅದನ್ನು ಕೊಡಲೇಬೇಕು. ಮಾರ್ಚ್‌ಗೆ ಮುಗಿದ ವರ್ಷದ್ದು ನವೆಂಬರ್ 30ರ ಒಳಗೆ. ಯಜಮಾನರು ಈಗ ಕೊಡುತ್ತಿರುವುದು ಅದರ ಮೇಲಿನದು. ಇದನ್ನು ಕೊಟ್ಟೆವು, ಅದು ತೀರಿತು ಎಂದು ಯಾರೂ ಅಂದುಕೊಳ್ಳಬಾರದು. ಪಟ್ಟಿಯ ತಲೆಯ ಮೇಲೆ "ಬೋನಸ್" ಎಂದು ಬರೆದಿದ್ದರೆ "ಟೂಲ್ ರೂಮ್ ಲಾಭದ ಪಾಲು" ಎಂದು ತಿದ್ದಿ, ಗೊಂದಲ ತಪ್ಪುತ್ತದೆ.

ಈಗ ಲೆಕ್ಕ. ತಪ್ಪು E ಕಾಲಮ್‌ನಲ್ಲಿದೆ ತಂಗಿ. D ಎಂದರೆ ವರ್ಷದಲ್ಲಿ ಅವನಿಗೆ ಕೊಟ್ಟ ಒಟ್ಟು ಸಂಬಳ. ಫಿಟ್ಟರ್‌ನ 1,68,000 ಬಂದಿದ್ದೇ 28,000ವನ್ನು ಆರು ತಿಂಗಳಿಗೆ ಗುಣಿಸಿ. ಅಂದರೆ ತಿಂಗಳ ಲೆಕ್ಕ ಆ ಅಂಕಿಯೊಳಗೇ ಕೂತಿದೆ. ನೀವು ಅದನ್ನು ಮತ್ತೆ 6/12ರಿಂದ ಗುಣಿಸಿದಿರಿ. ಒಂದೇ ಆರು ತಿಂಗಳನ್ನು ಎರಡು ಸಲ ಕಳೆದ ಹಾಗಾಯ್ತು. ಅರ್ಧದ ಅರ್ಧ, ಕಾಲು. ಹನ್ನೆರಡು ತಿಂಗಳು ಇದ್ದವರಿಗೆ 12/12 ಅಂದರೆ ಒಂದೇ ಆದ್ದರಿಂದ ಅವರ ಸಾಲಿನಲ್ಲಿ ತಪ್ಪು ಕಾಣುವುದೇ ಇಲ್ಲ.

ಒಂದೋ ತಿಂಗಳ ಸಂಬಳವನ್ನು ತಿಂಗಳುಗಳಿಂದ ಗುಣಿಸಿ. ಇಲ್ಲವೇ ಕೊಟ್ಟ ಒಟ್ಟು ಸಂಬಳವನ್ನು ಹಾಗೆಯೇ ಇಟ್ಟುಕೊಳ್ಳಿ. ಎರಡೂ ಬೇಡ.

ಪೀಣ್ಯದ ಲೆಕ್ಕದವಳು

ಅಯ್ಯೋ, ಈಗ ಗೊತ್ತಾಯ್ತು ಅಣ್ಣ. ಆದರೆ ಕೂಡಿಸಿದಾಗ 1,80,000 ಸರಿಯಾಗಿ ಬಂತಲ್ಲ? ಅದಕ್ಕೇ ನಾನು ಧೈರ್ಯವಾಗಿ ಅಂಟಿಸಿದ್ದು.

ಆಡಿಟ್ ಅಣ್ಣ

ಎಲ್ಲರೂ ಮೋಸ ಹೋಗುವುದು ಅಲ್ಲೇ. ಇದು ಮೊದಲೇ ಗೊತ್ತು ಮಾಡಿದ ಮೊತ್ತವನ್ನು ಪಾಲು ಮಾಡುವ ಲೆಕ್ಕ. ನೀವು E ಕಾಲಮ್‌ಗೆ ಎಲ್ಲರ ವಯಸ್ಸನ್ನು ಹಾಕಿದರೂ, ಒಂದೆರಡು ರೂಪಾಯಿ ಆಚೀಚೆ ಬಿಟ್ಟರೆ, ಕೊನೆಗೆ 1,80,000ವೇ ಬರುತ್ತದೆ. ಯಾಕೆಂದರೆ ಎಲ್ಲರ ಮೊತ್ತದಿಂದಲೇ ಭಾಗಿಸುತ್ತಿದ್ದೀರಿ. ಒಬ್ಬರಿಗೆ ಕಡಿಮೆ ಆದದ್ದು ಉಳಿದವರಿಗೆ ಹಂಚಿಹೋಗುತ್ತದೆ. ಮೊತ್ತ ತಾಳೆಯಾಗುವುದರಿಂದ ಇಲ್ಲಿ ಏನೂ ಖಾತ್ರಿಯಾಗುವುದಿಲ್ಲ.

ಬೇರೆ ಪರೀಕ್ಷೆ ಇದೆ. ಪಕ್ಕದಲ್ಲಿ ಇನ್ನೊಂದು ಕಾಲಮ್ ಹಾಕಿ, ಪ್ರತಿಯೊಬ್ಬರ ಪಾಲನ್ನು ಅವರ ವರ್ಷದ ಸಂಬಳದಿಂದ ಭಾಗಿಸಿ:

```
E2:  =D2
F2:  =ROUND($I$1*E2/SUM($E$2:$E$6),0)
G2:  =F2/D2
```

G ಎಲ್ಲರಿಗೂ ಒಂದೇ ಬರಬೇಕು. ನಿಮ್ಮ ಹಳೇ ಪಟ್ಟಿಯಲ್ಲಿ ನಾಲ್ಕು ಜನಕ್ಕೆ ನೂರಕ್ಕೆ 12.71 ಬರುತ್ತದೆ, ಫಿಟ್ಟರ್‌ಗೆ 6.36. ಸರಿಯಾಗಿ ಅರ್ಧ. ಹೀಗೆ ಅರ್ಧ, ಮುಕ್ಕಾಲು ಅಂತ ಯಾರದಾದರೂ ಸಾಲು ನಿಂತರೆ ತಿಂಗಳು ಎರಡು ಸಲ ಕಳೆದಿದೆ ಅಂತಲೇ ತಿಳಿಯಿರಿ.

ಸರಿ ಲೆಕ್ಕದಲ್ಲಿ ಒಟ್ಟು ಸಂಬಳ 15,00,000. ಅದಕ್ಕೆ 1,80,000 ಅಂದರೆ ನೂರಕ್ಕೆ 12. ಈಗ ಕ್ಯಾಲ್ಕ್ಯುಲೇಟರ್ ಕೂಡ ಬೇಡ. ಸೂಪರ್‌ವೈಸರ್‌ಗೆ 72,000, ಆಪರೇಟರ್‌ಗೆ 36,000, ಕ್ವಾಲಿಟಿಗೆ 28,800, ಹೆಲ್ಪರ್‌ಗೆ 23,040, ಫಿಟ್ಟರ್‌ಗೆ 20,160.

ಇನ್ನೊಂದು ಕೇಳಬೇಕಿತ್ತು. ಆಪರೇಟರ್‌ನ 3,00,000 ಹೇಗೆ ಬಂತು? ವರ್ಷಪೂರ್ತಿ 25,000 ಇತ್ತೇ?

ಪೀಣ್ಯದ ಲೆಕ್ಕದವಳು

ಇಲ್ಲ ಅಣ್ಣ. ಸೆಪ್ಟೆಂಬರ್‌ವರೆಗೆ 24,000, ಅಕ್ಟೋಬರ್‌ನಿಂದ 26,000. ತಿಂಗಳ ಪಟ್ಟಿಯಿಂದ ಕೂಡಿಸಿ ಹಾಕಿದ್ದೇನೆ.

ಆಡಿಟ್ ಅಣ್ಣ

ಒಳ್ಳೆಯದಾಯ್ತು. ಮಾರ್ಚ್ ತಿಂಗಳ ಸಂಬಳ ಹಿಡಿದು 12ರಿಂದ ಗುಣಿಸಿದ್ದರೆ 3,12,000 ಆಗುತ್ತಿತ್ತು. ಅವನು ಆ ದುಡ್ಡನ್ನು ಪಡೆದೇ ಇಲ್ಲ. ಪಟ್ಟಿಯಿಂದ ಕೂಡಿಸುವುದೇ ಸರಿ. ತಿಂಗಳ ಮಧ್ಯೆ ಸೇರಿದವರು, ಸಂಬಳವಿಲ್ಲದ ರಜೆ ಹಾಕಿದವರು, ಎಲ್ಲರ ಲೆಕ್ಕವೂ ತಾನಾಗಿ ಸರಿಹೋಗುತ್ತದೆ. ದಿನ ಎಣಿಸುವ ಕೆಲಸ ಇಲ್ಲ.

ಹುಬ್ಬಳ್ಳಿಯವ

ಬೋನಸ್ ಮಾತು ಒಪ್ಪಿದೆ ಅಣ್ಣಾ. ಆದರೆ ಈಗ ಪಟ್ಟಿ ಗೋಡೆ ಮೇಲಿದೆ. ಸೂಪರ್‌ವೈಸರ್ ತನಗೆ 76,271 ಬರುತ್ತೆ ಅಂತ ಮನೆಯಲ್ಲಿ ಹೇಳಿರ್ತಾರೆ. ಈಗ 72,000 ಅಂದರೆ ಮುಖ ಸಣ್ಣದಾಗುತ್ತದೆ. ಯಜಮಾನರು ಮೇಲಿಂದ 9,482 ಹಾಕಿ ಫಿಟ್ಟರ್‌ಗೆ 20,160 ಮಾಡಿಬಿಡಲಿ, ಉಳಿದವರದು ಹಾಗೇ ಇರಲಿ. ಮುಗೀತಲ್ಲ?

ಆಡಿಟ್ ಅಣ್ಣ

ಮುಗಿಯುವುದಿಲ್ಲ ಸರ್. 20,160 ಸರಿಯಾಗುವುದು ಎಲ್ಲರಿಗೂ ನೂರಕ್ಕೆ 12 ಕೊಟ್ಟಾಗ. ಉಳಿದ ನಾಲ್ವರಿಗೆ 12.71 ಬಿಟ್ಟುಕೊಟ್ಟರೆ ಫಿಟ್ಟರ್‌ಗೂ ಅದೇ ದರ ಬೇಕು. ಆಗ ಅವನದು 21,356. ಅಂದರೆ ಯಜಮಾನರು ಜೇಬಿನಿಂದ ಹಾಕಬೇಕಾದ್ದು 10,678, ಅವನಿಗೆ ಈಗ ಬರೆದಿರುವಷ್ಟೇ ಇನ್ನೊಂದು ಸಲ. ಒಟ್ಟು ಹಂಚುವುದು 1,90,678 ಆಗುತ್ತದೆ. ಪರೀಕ್ಷೆ ಮತ್ತೆ ಅದೇ, G ಕಾಲಮ್ ನೋಡಿ.

ಎರಡು ದಾರಿ ಇದೆ. ಪಟ್ಟಿ ಹರಿದು ಹೊಸದು ಅಂಟಿಸಿ 1,80,000ದಲ್ಲೇ ಮುಗಿಸುವುದು. ಇಲ್ಲವೇ ಯಜಮಾನರು 10,678 ಜಾಸ್ತಿ ಹಾಕುವುದು. ದುಡ್ಡು ಕೈಗೆ ಹೋಗುವ ಮೊದಲು ಕೇಳಿದ್ದು ನಿಮ್ಮ ಪುಣ್ಯ. ಕೊಟ್ಟ ಮೇಲೆ ನಾಲ್ವರಿಂದ ವಾಪಸ್ ಕೇಳುವುದು ಯಾರಿಗೂ ಬೇಡ.

ಚಿಗುರು

ಈ ಚರ್ಚೆ ಓದಿ ನನ್ನದೇ ನೆನಪಾಯಿತು. ಹೋದ ವರ್ಷ ನಮ್ಮ ಕಂಪನಿಯಲ್ಲೂ ಹೀಗೇ ಲಾಭದ ಪಾಲು ಕೊಟ್ಟರು. ನಾನು ಹೆರಿಗೆ ರಜೆಯಲ್ಲಿದ್ದೆ. "ನೀವು ಕೆಲಸ ಮಾಡಿದ್ದು ಐದೂವರೆ ತಿಂಗಳು" ಎಂದು ಅರ್ಧಕ್ಕಿಂತ ಕಡಿಮೆ ಕೊಟ್ಟರು. ಮಗು ಕಂಕುಳಲ್ಲಿ, ಜಗಳ ಮಾಡುವ ಶಕ್ತಿ ಇರಲಿಲ್ಲ, ಸುಮ್ನೆ ಇದ್ದುಬಿಟ್ಟೆ. ನಿಮ್ಮಲ್ಲಿ ಇಂಥವರು ಯಾರಾದರೂ ಇದ್ದಾರಾ ಅಂತ ದಯವಿಟ್ಟು ನೋಡಿ.

ಪೀಣ್ಯದ ಲೆಕ್ಕದವಳು

ಚಿಗುರು ಅವರೇ, ಇದ್ದಾರೆ. ಬರೆಯಬೇಕೋ ಬೇಡವೋ ಎಂದು ಯೋಚಿಸುತ್ತಿದ್ದೆ. ಕ್ವಾಲಿಟಿ ಹುಡುಗಿ ಜುಲೈನಿಂದ ಡಿಸೆಂಬರ್‌ವರೆಗೆ ಹೆರಿಗೆ ರಜೆಯಲ್ಲಿದ್ದಳು. ಸಂಬಳ 20,000, ಇಎಸ್‌ಐ ಇದೆ. ಆ 26 ವಾರದ ದುಡ್ಡು ಇಎಸ್‌ಐನಿಂದ ನೇರ ಅವಳ ಖಾತೆಗೆ ಬಂತು. ನಮ್ಮ ಸಂಬಳದ ಪುಸ್ತಕದಲ್ಲಿ ಆ ಆರು ತಿಂಗಳು ಸೊನ್ನೆ ಇದೆ. ಪುಸ್ತಕದ ಪ್ರಕಾರ ಅವಳದು 1,20,000 ಮಾತ್ರ. ಮನಸ್ಸಿಗೆ ಸರಿ ಕಾಣಲಿಲ್ಲ, ಕೈಯಿಂದ 2,40,000 ಎಂದು ಹಾಕಿದೆ. ಅದೂ ತಪ್ಪಾ?

ಹುಬ್ಬಳ್ಳಿಯವ

ಅಣ್ಣಾವ್ರು ಈಗಷ್ಟೇ ಹೇಳಿದರು, ಪಟ್ಟಿಯಿಂದ ಕೂಡಿಸಬೇಕು ಅಂತ. ಪಟ್ಟಿಯಲ್ಲಿ ಸೊನ್ನೆ ಇದ್ದರೆ ಸೊನ್ನೆಯೇ. ಒಬ್ಬರಿಗೆ ಒಂದು, ಇನ್ನೊಬ್ಬರಿಗೆ ಒಂದು ಆಗಬಾರದು.

ಆಡಿಟ್ ಅಣ್ಣ

ಇಲ್ಲಿ ನಾನು ನನ್ನ ಮಾತನ್ನೇ ತಿದ್ದಿಕೊಳ್ಳಬೇಕು. ಪುಸ್ತಕದಲ್ಲಿ ಸೊನ್ನೆ ಬೀಳಲು ಎರಡು ಕಾರಣ ಇರುತ್ತದೆ. ಸಂಬಳವಿಲ್ಲದ ರಜೆಯಾದರೆ ಸೊನ್ನೆ ನಿಜವಾದ ಸೊನ್ನೆ. ಹೆರಿಗೆ ರಜೆಯಲ್ಲಿ ಹಾಗಲ್ಲ. ಅಲ್ಲಿ ಕೊಡುವವರು ಬದಲಾಗಿದ್ದಾರೆ, ಅಷ್ಟೇ. ಇಎಸ್‌ಐ ಇಲ್ಲದ ಕಂಪನಿಯಾಗಿದ್ದರೆ ಅದೇ ದುಡ್ಡನ್ನು ಯಜಮಾನರೇ ಕೊಟ್ಟು ಪುಸ್ತಕದಲ್ಲಿ ಬರೆಯುತ್ತಿದ್ದರು. ಅವಳ ಪಾಲು ಇಎಸ್‌ಐ ಇದೆಯೋ ಇಲ್ಲವೋ ಎಂಬುದರ ಮೇಲೆ ನಿಲ್ಲಬಾರದು.

ಬೋನಸ್ ಕಾಯಿದೆ ಕೂಡ ಸಂಬಳಸಹಿತ ಹೆರಿಗೆ ರಜೆಯ ದಿನಗಳನ್ನು ಕೆಲಸ ಮಾಡಿದ ದಿನ ಎಂದೇ ಎಣಿಸುತ್ತದೆ. ಕೆಲಸದ ವೇಳೆ ಏಟು ಬಿದ್ದು ಮನೆಯಲ್ಲಿ ಕೂತ ದಿನಗಳನ್ನೂ ಹಾಗೇ. ನಿಮ್ಮದು ಆ ಬೋನಸ್ ಅಲ್ಲ, ಯಜಮಾನರ ಸ್ವಂತ ಯೋಜನೆ. ಆ ನಿಯಮ ಇಲ್ಲಿ ತಾನಾಗಿ ಬಂದು ಕೂರುವುದಿಲ್ಲ. ಇಎಸ್‌ಐ ಕೊಟ್ಟ ದುಡ್ಡು "ಸಂಬಳಸಹಿತ" ಹೌದೋ ಅಲ್ಲವೋ ಎಂದು ವಾದ ಮಾಡುವವರೂ ಇರುತ್ತಾರೆ. ಆದರೂ ನೀವು ಹಾಕಿದ 2,40,000ವೇ ಸರಿ ಎಂದು ನನ್ನ ಅಭಿಪ್ರಾಯ.

1,20,000 ಹಾಕಿದರೆ ಏನಾಗುತ್ತದೆ ನೋಡಿ. ಒಟ್ಟು 13,80,000 ಆಗುತ್ತದೆ, ದರ 13.04ಕ್ಕೆ ಏರುತ್ತದೆ. ಅವಳ ಪಾಲು 28,800ದಿಂದ 15,652ಕ್ಕೆ ಬೀಳುತ್ತದೆ. ಆ 13,148 ಯಜಮಾನರಿಗೆ ಉಳಿಯುವುದಿಲ್ಲ, ಉಳಿದ ನಾಲ್ವರಿಗೆ ಹೋಗುತ್ತದೆ. ಸೂಪರ್‌ವೈಸರ್‌ಗೇ 6,261. ಬಾಣಂತಿಯ ಪಾಲು ಸೂಪರ್‌ವೈಸರ್ ಚೀಲಕ್ಕೆ ಹೋಗಬೇಕು ಎಂದು ಯಜಮಾನರು ಆ ಚೀಟಿ ಬರೆದಿರಲಿಕ್ಕಿಲ್ಲ.

ಚಿಗುರು

ನನ್ನ ದುಡ್ಡು ಎಲ್ಲಿಗೆ ಹೋಯಿತು ಅಂತ ಒಂದು ವರ್ಷದಿಂದ ಯೋಚಿಸುತ್ತಿದ್ದೆ. ಕಂಪನಿ ಉಳಿಸಿಕೊಂಡಿತು ಅಂದುಕೊಂಡಿದ್ದೆ. ಪಕ್ಕದ ಟೇಬಲ್‌ನವರಿಗೇ ಹೋಗಿದೆ, ಅವರಿಗೂ ಗೊತ್ತಿಲ್ಲ.

ಮಾಂಟೆರೇಯಿಂದ

ನಾನು ಮೂಲ ತುಮಕೂರಿನವನು. ಆರು ವರ್ಷದಿಂದ ಮೆಕ್ಸಿಕೋದ ಮಾಂಟೆರೇಯಲ್ಲಿ ಕೆಲಸ. ಇಲ್ಲಿ ಲಾಭದ ಪಾಲು ಕೊಡುವುದು ಯಜಮಾನರ ಮನಸ್ಸಿಗೆ ಬಿಟ್ಟಿಲ್ಲ. ಲಾಭದ ನೂರಕ್ಕೆ 10 ಕೆಲಸಗಾರರಿಗೆ ಕೊಡಲೇಬೇಕು. ಕಂಪನಿಗಳಾದರೆ ಮೇ 30ರ ಒಳಗೆ. ಎಲ್ಲರೂ ಪಿಟಿಯು ಎನ್ನುತ್ತಾರೆ. ಮೇ ತಿಂಗಳು ಬಂದರೆ ಕ್ಯಾಂಟೀನಿನಲ್ಲಿ ಅದೇ ಮಾತು.

ಹಂಚುವ ರೀತಿ ನಿಮಗೆ ಉಪಯೋಗ ಆಗಬಹುದು. ಮೊತ್ತವನ್ನು ಮೊದಲು ಎರಡು ಸಮಭಾಗ ಮಾಡುತ್ತಾರೆ. ಒಂದು ಭಾಗವನ್ನು ಕೆಲಸ ಮಾಡಿದ ದಿನಗಳ ಮೇಲೆ ಹಂಚುತ್ತಾರೆ, ಅಲ್ಲಿ ಸಂಬಳ ಎಷ್ಟು ಎಂದು ಕೇಳುವುದೇ ಇಲ್ಲ. ಇನ್ನೊಂದು ಭಾಗ ಸಂಬಳದ ಪ್ರಕಾರ. ಹೆರಿಗೆ ರಜೆಯಲ್ಲಿದ್ದವರನ್ನು ಕೆಲಸದಲ್ಲಿದ್ದಂತೆಯೇ ಎಣಿಸಬೇಕು ಎಂದು ಕಾನೂನಿನಲ್ಲೇ ಬರೆದಿದೆ.

ನಿಮ್ಮ ಅಂಕಿಗಳಿಗೆ ಹಾಕಿ ನೋಡಿದೆ, ಸುಲಭಕ್ಕೆ ದಿನದ ಬದಲು ತಿಂಗಳು ಹಿಡಿದಿದ್ದೇನೆ. 90,000ವನ್ನು ಒಟ್ಟು 54 ತಿಂಗಳಿಗೆ ಹಂಚಿದರೆ ವರ್ಷಪೂರ್ತಿ ಇದ್ದ ನಾಲ್ವರಿಗೂ ತಲಾ 20,000, ಫಿಟ್ಟರ್‌ಗೆ 10,000. ಉಳಿದ 90,000 ಸಂಬಳದ ಮೇಲೆ ನೂರಕ್ಕೆ 6. ಎರಡೂ ಕೂಡಿಸಿದರೆ ಸೂಪರ್‌ವೈಸರ್‌ಗೆ 56,000, ಆಪರೇಟರ್‌ಗೆ 38,000, ಕ್ವಾಲಿಟಿಗೆ 34,400, ಹೆಲ್ಪರ್‌ಗೆ 31,520, ಫಿಟ್ಟರ್‌ಗೆ 20,080. ಹೆಲ್ಪರ್‌ಗೆ ಎಂಟು ಸಾವಿರಕ್ಕಿಂತ ಜಾಸ್ತಿ ಸಿಗುತ್ತದೆ ನೋಡಿ. ಫಿಟ್ಟರ್‌ಗೆ ಹೆಚ್ಚುಕಡಿಮೆ ಅಷ್ಟೇ.

ಪೀಣ್ಯದ ಲೆಕ್ಕದವಳು

ಇದು ನನಗೆ ತುಂಬಾ ಹಿಡಿಸಿತು. ನಮ್ಮ ಹೆಲ್ಪರ್ ಬೆಳಗ್ಗೆ ಏಳೂವರೆಗೆ ಬಂದು ಬೀಗ ತೆಗೆಯುವವನು. ಹಾಗಾದರೆ ಚೀಟಿಯಲ್ಲಿ "ಸಂಬಳವನ್ನೂ, ತಿಂಗಳನ್ನೂ" ಎಂದಿದ್ದರ ಅರ್ಥ ಇದೂ ಆಗಬಹುದಲ್ವಾ?

ಆಡಿಟ್ ಅಣ್ಣ

ಆಗಬಹುದು. ಆ ಒಂದು ಸಾಲಿನಿಂದ ಎರಡೂ ಅರ್ಥ ಬರುತ್ತದೆ. ಸಂಬಳವನ್ನು ತಿಂಗಳಿಂದ ಗುಣಿಸಿ ಒಂದೇ ತೂಕ ಮಾಡುವುದು ಒಂದು. ಎರಡು ಭಾಗ ಮಾಡಿ ಬೇರೆ ಬೇರೆ ಹಂಚುವುದು ಇನ್ನೊಂದು. ಆದರೆ ಈ ವರ್ಷದ್ದನ್ನು ಈಗ ಬದಲಿಸಬೇಡಿ. ಅಂಕಿ ನೋಡಿ ಆದ ಮೇಲೆ ನಿಯಮ ಆರಿಸಿದರೆ, ಸೂಪರ್‌ವೈಸರ್ ಅದು ತನಗೆ ವಿರುದ್ಧ ಮಾಡಿದ್ದು ಎಂದೇ ತಿಳಿಯುತ್ತಾರೆ. ಮುಂದಿನ ವರ್ಷಕ್ಕೆ ಏಪ್ರಿಲ್‌ನಲ್ಲೇ ಬರೆದು ಅಂಟಿಸಿ.

ಹಳೇ ಟರ್ನರ್

ಮೂವತ್ತು ವರ್ಷ ಲೇತ್ ಮೇಲೆ ನಿಂತವನು ನಾನು. ಒಂದು ಕಡೆ ಹತ್ತು ತಿಂಗಳು ದುಡಿದು ಜನವರಿ ಕೊನೆಗೆ ಬಿಟ್ಟೆ. ಲಾಭ ಹಂಚಿದಾಗ "ನೀವು ಈಗ ಇಲ್ಲವಲ್ಲ" ಅಂದರು. ಹತ್ತು ತಿಂಗಳ ಲಾಭದಲ್ಲಿ ನನ್ನ ಕೈ ಇರಲಿಲ್ಲವೇ? ಬಿಟ್ಟುಹೋದವರ ಬಗ್ಗೆ ನಿಮ್ಮ ಚೀಟಿ ಏನು ಹೇಳುತ್ತದೆ ಮಗಳೇ?

ಪೀಣ್ಯದ ಲೆಕ್ಕದವಳು

ಏನೂ ಹೇಳುವುದಿಲ್ಲ ಸರ್. ಈ ಸಲ ಯಾರೂ ಬಿಟ್ಟಿಲ್ಲ.

ಆಡಿಟ್ ಅಣ್ಣ

ತಿಂಗಳ ಲೆಕ್ಕದ ನ್ಯಾಯ ಹಿಡಿದರೆ ಟರ್ನರ್ ಅವರಿಗೆ ಹತ್ತು ತಿಂಗಳ ಪಾಲು ಬರಬೇಕು. ಅಕ್ಟೋಬರ್‌ನಲ್ಲಿ ಬಂದವನಿಗೆ ಆರು ತಿಂಗಳದ್ದು ಕೊಟ್ಟು, ಜನವರಿಯಲ್ಲಿ ಹೋದವರಿಗೆ ಸೊನ್ನೆ ಎಂದರೆ ಹೊಂದುವುದಿಲ್ಲ. ಆದರೆ ಜನ ನಿಲ್ಲಲಿ ಎಂದೇ ಇಂಥ ದುಡ್ಡು ಕೊಡುವ ಯಜಮಾನರು ಇದ್ದಾರೆ, ಅವರು "ಹಂಚುವ ದಿನ ಕೆಲಸದಲ್ಲಿರಬೇಕು" ಎಂದು ಬರೆಯುತ್ತಾರೆ. ಯಾವುದಾದರೂ ಒಂದು ಇರಲಿ, ಶೀಟಿನಲ್ಲಿ ಅರ್ಧಂಬರ್ಧ ಮಾಡಬೇಡಿ. ಅವರ ಸಾಲನ್ನು ಒಟ್ಟು ಮೊತ್ತದಲ್ಲಿ ಉಳಿಸಿಕೊಂಡು ಪಾಲು ಮಾತ್ರ ಅಳಿಸಿದರೆ ಅಷ್ಟು ದುಡ್ಡು ಯಾರಿಗೂ ಹೋಗದೆ ಕಂಪನಿಯಲ್ಲೇ ಉಳಿಯುತ್ತದೆ.

ಹಳೇ ಟರ್ನರ್

ನಿಲ್ಲಿಸಬೇಕು ಅಂದರೆ ಸಂಬಳ ಕೊಟ್ಟು ನಿಲ್ಲಿಸಿಕೊಳ್ಳಲಿ. ದುಡಿದದ್ದನ್ನು ಹಿಡಿದಿಟ್ಟು ಅಲ್ಲ. ನನ್ನ ಮಾತು ಇಷ್ಟೇ.

ಹುಬ್ಬಳ್ಳಿಯವ

ನಾನು ಟರ್ನರ್ ಕಾಕಾಗೆ ಪೂರ್ತಿ ಒಪ್ಪೋದಿಲ್ಲ. ನೋಟಿಸ್ ಕೊಡದೆ ಬಿಟ್ಟವನಿಗೂ ಕೊಡಬೇಕಾ? ಒಳ್ಳೇ ರೀತಿ ಬಿಟ್ಟವರಿಗೆ ಕೊಡಲಿ, ಅದು ಬೇರೆ ಮಾತು.

ಪೀಣ್ಯದ ಲೆಕ್ಕದವಳು

ಎರಡು ದಿನ ಬಿಟ್ಟು ಬರೆಯುತ್ತಿದ್ದೇನೆ. ಯಜಮಾನರ ಮುಂದೆ ಎರಡೂ ಶೀಟ್ ಇಟ್ಟೆ. G ಕಾಲಮ್ ತೋರಿಸಿದೆ. 6.36 ನೋಡಿದ ತಕ್ಷಣ ಅವರಿಗೇ ಅರ್ಥವಾಯಿತು. ಗೋಡೆಗೆ ಹಾಕಿದ ಅಂಕಿ ಇಳಿಸುವುದು ಬೇಡ, ತಪ್ಪು ಆಫೀಸಿನದು ಎಂದು ಹೇಳಿ 10,678 ಜಾಸ್ತಿ ಹಾಕಲು ಒಪ್ಪಿದರು. ಕ್ವಾಲಿಟಿ ಹುಡುಗಿಗೆ 12 ತಿಂಗಳೂ ಇರಲಿ, ಮುಂದೆ ಯಾರಿಗಾದರೂ ಹೀಗೇ ಎಂದರು. ಆ ಒಂದು ಸಾಲನ್ನು ಚೀಟಿಯಲ್ಲಿ ಬರೆಸಿ ಸಹಿ ಹಾಕಿಸಿಕೊಂಡೆ. ಬಿಟ್ಟುಹೋದವರ ವಿಷಯ ಕೇಳಿದೆ, "ನೋಡೋಣ" ಎಂದರು. ಮೆಕ್ಸಿಕೋ ಲೆಕ್ಕವನ್ನೂ ತೋರಿಸಿದೆ. ಹೆಲ್ಪರ್‌ನ 31,520 ಮೇಲೆ ಸ್ವಲ್ಪ ಹೊತ್ತು ಬೆರಳಿಟ್ಟು ಕೂತಿದ್ದರು, ಏನೂ ಹೇಳಲಿಲ್ಲ.

ಹೊಸ ಪಟ್ಟಿ ಅಂಟಿಸುವಾಗ ಸಂಬಳದ ಕಾಲಮ್ ತೆಗೆದು ಪಾಲು ಮಾತ್ರ ಹಾಕಿದೆ, ಒಬ್ಬರ ಸಂಬಳ ಇನ್ನೊಬ್ಬರಿಗೆ ಕಾಣುವುದು ಬೇಡ ಎಂದು. ಫಿಟ್ಟರ್‌ಗೆ ಅವನ ಆರು ಪೇ ಸ್ಲಿಪ್ ತರಲು ಹೇಳಿದೆ. ಮೊಬೈಲಿನಲ್ಲಿ ತಾನೇ ಕೂಡಿಸಿ, 12.71ರಿಂದ ಗುಣಿಸಿದ. ಮೂರು ರೂಪಾಯಿ ವ್ಯತ್ಯಾಸ ಬಂತು. ದಶಮಾಂಶ ಪೂರ್ತಿ ಹಾಕಿಸಿ ಮತ್ತೆ ಮಾಡಿಸಿದೆ, 21,356 ಬಂತು.

ಚಿಗುರು

ಆ ಹುಡುಗಿಗೆ ನನ್ನ ಶುಭಾಶಯ ತಿಳಿಸಿ ಅಕ್ಕ. ನಾಳೆ ನಾನೂ ನಮ್ಮ ಎಚ್‌ಆರ್ ಹತ್ತಿರ ಹೋಗಿ, ಹೋದ ವರ್ಷದ ಪಾಲು ಯಾವ ದರದಲ್ಲಿ ಹಂಚಿದಿರಿ ಎಂದು ಕೇಳುತ್ತೇನೆ. ಬೇರೆಯವರ ಸಂಬಳ ಕೇಳುವುದಿಲ್ಲ, ದರ ಮಾತ್ರ.

ಹಳೇ ಟರ್ನರ್

ಒಂದು ಉಳಿಯಿತು ಮಗಳೇ. ಆಪರೇಟರ್ ರಾತ್ರಿ ಓಟಿ ಮಾಡಿರುತ್ತಾನಲ್ಲ, ಅದು ಆ 3,00,000ದಲ್ಲಿ ಸೇರಿದೆಯೋ ಇಲ್ಲವೋ?

ಪೀಣ್ಯದ ಲೆಕ್ಕದವಳು

ಸೇರಿಲ್ಲ ಸರ್. ಸೇರಿಸಬೇಕಿತ್ತಾ?